ಮಿಡಿ ಬಾಟ್ಲಿಯ ಮುಚ್ಚಳ

ಆಗಸ್ಟ್ 17, ಭಾನುವಾರ, ರಾತ್ರಿ ಹನ್ನೊಂದೂವರೆ ದಾಟಿದೆ

ಮಧ್ಯಾಹ್ನ ಮೆಸ್‌ನಿಂದ ಮೊಸರನ್ನ ಹಾಕಿಸ್ಕೊಂಡು ರೂಮಿಗೆ ಬಂದು ಮಿಡಿ ಬಾಟ್ಲಿ ಮುಚ್ಚಳ ತೆಗ್ದೆ, ನೋಡಿದ್ರೆ ಮೇಲುಗಡೆ ಬೆಳ್ಳಗೆ, ಹಾಲಿನ ಕೆನೆ ಥರ ತೆಳ್ಳಗೆ ಒಂದು ಪದರ ಕೂತಿದೆ. ಒಂದು ಕ್ಷಣ ಏನು ಅಂತಾನೇ ಅರ್ಥ ಆಗ್ಲಿಲ್ಲ. ಆಮೇಲೆ ಮೂಗಿಗೆ ಹಿಡ್ದೆ. ದಿನಾ ಮುಚ್ಚಳ ತೆಗೆದ ತಕ್ಷಣ ಬರೋ ಆ ಪರಿಮಳದ ಹಿಂದೆ, ಹಳೇ ದೋಸೆ ಹಿಟ್ಟಿಗೆ ಬರತ್ತಲ್ಲ ಅಂಥದ್ದೊಂದು ಹುಳಿ ವಾಸನೆ ಇತ್ತು. ಮೊಸರನ್ನ ಹಾಗೇ ಟೇಬಲ್ ಮೇಲೆ ಇಟ್ಟು ಮಂಚದ ಮೇಲೆ ಕೂತ್ಬಿಟ್ಟೆ. ನಿಜ ಹೇಳ್ತೀನಿ, ಕಣ್ಣಲ್ಲಿ ನೀರು ಬಂತು.

ಉಪ್ಪಿನಕಾಯಿಗೆ ಯಾಕೆ ಅಳು ಅಂತ ಯಾರಾದ್ರೂ ಕೇಳಬಹುದು. ಮೈಸೂರಿಗೆ ಬಂದು ಒಂದು ವರ್ಷದ ಮೇಲಾಯ್ತು, ಎಂಎಸ್ಸಿ ಕೆಮಿಸ್ಟ್ರಿ ಮೂರನೇ ಸೆಮಿಸ್ಟರ್, ಊರು ಸಾಗರದಿಂದ ಒಳಗೆ ಹನ್ನೆರಡು ಕಿಲೋಮೀಟರ್, ತಾಳಗುಪ್ಪ ಟ್ರೈನ್ ಹತ್ತಿದ್ರೂ ಮನೆ ಬಾಗ್ಲು ಮುಟ್ಟೋಕೆ ಒಂದು ಇಡೀ ದಿನದ ಲೆಕ್ಕ. ಹಾಗಾಗಿ ವರ್ಷಕ್ಕೆ ಮೂರೋ ನಾಲ್ಕೋ ಸಲ ಹೋಗ್ತೀನಿ. ಈ ಒಂದು ವರ್ಷದಲ್ಲಿ ನಂಗೆ ಗೊತ್ತಾಗಿದ್ದು ಏನಂದ್ರೆ ಅಮ್ಮನ ಅಡಿಗೆಮನೆ ವಾಸನೆಗಳಲ್ಲಿ ಪ್ರಯಾಣ ಮಾಡೋದು ಒಂದೇ ಒಂದು, ಅದು ಈ ಬಾಟ್ಲಿಯಲ್ಲಿದೆ. ಮಿಕ್ಕಿದ್ದೆಲ್ಲ ಅಲ್ಲೇ ಹುಟ್ಟಿ ಅಲ್ಲೇ ಹೋಗತ್ತೆ.

ಒಗ್ಗರಣೆ ತಗೊಳ್ಳಿ. ನಮ್ಮನೇಲಿ ಸಾರು ಪೂರ್ತಿ ಕುದ್ದು, ಒಲೆಯಿಂದ ಇಳಿಸಿ, ತಟ್ಟೆ ಹಾಕೋ ಹೊತ್ತಿಗೆ ಅಮ್ಮ ಒಗ್ಗರಣೆ ಸೌಟು ಕೆಂಡದ ಮೇಲೆ ಇಡ್ತಾಳೆ. ಒಂದು ಚಮಚ ಕೊಬ್ಬರಿ ಎಣ್ಣೆ, ಸಾಸಿವೆ, ಅದು ಚಟಪಟ ನಿಂತ ಮೇಲೆ ಒಂದು ಬ್ಯಾಡಗಿ ಮೆಣಸಿನಕಾಯಿ ಮುರಿದು, ಕೊನೇಲಿ ಅಂಗಳದಿಂದ ಆಗ ಕಿತ್ತ ಕರಿಬೇವು, ಆಮೇಲೆ ಸೌಟು ಸಮೇತ ಸಾರಿಗೆ ಅದ್ದಿ ಪಟ್ ಅಂತ ತಟ್ಟೆ ಮುಚ್ತಾಳೆ. ಆ ತಟ್ಟೆ ಮುಚ್ಚೋದು ಯಾಕೆ ಅಂತ ನಾನು ಇಪ್ಪತ್ತೊಂದು ವರ್ಷ ಯೋಚನೇನೇ ಮಾಡಿರ್ಲಿಲ್ಲ. ಊಟಕ್ಕೆ ಕೂತಾಗ ತಟ್ಟೆ ತೆಗೀತಾಳೆ, ಆವಾಗ ಬರೋದೇ ನಮ್ಮನೆ ವಾಸನೆ.

ಇಲ್ಲಿ ಮೆಸ್‌ನಲ್ಲಿ ಅಡಿಗೆ ಮಾಡೋ ಅಣ್ಣ ತುಂಬಾ ಒಳ್ಳೆಯವರು, ಅವರ ಮೇಲೆ ನಂದೇನೂ ದೂರಿಲ್ಲ. ಆದ್ರೆ ನೂರೈವತ್ತು ಜನಕ್ಕೆ ಸಾಂಬಾರ್ ಅಂದ್ರೆ ಬೆಳಿಗ್ಗೆ ಹತ್ತಕ್ಕೇ ಆಗಿರ್ಬೇಕು, ಒಗ್ಗರಣೆ ಹತ್ತಕ್ಕೇ ಬೀಳತ್ತೆ, ನಾವು ಉಣ್ಣೋದು ಒಂದೂವರೆಗೆ. ಅಷ್ಟೊತ್ತೂ ಆ ದೊಡ್ಡ ಪಾತ್ರೆ ಬಾಯಿ ತೆರ್ಕೊಂಡು ಸಣ್ಣ ಉರಿ ಮೇಲೆ ಕೂತಿರತ್ತೆ. ಇಂಗಿರಲಿ ಕರಿಬೇವಿರಲಿ, ಪರಿಮಳ ಅನ್ನೋದೆಲ್ಲ ಸುಲಭವಾಗಿ ಆವಿಯಾಗೋ ಎಣ್ಣೆಗಳು, ಮೂರೂವರೆ ಗಂಟೆ ಹಬೆ ಜೊತೆ ಹೊರಗೆ ಹೋಗ್ತಾನೇ ಇರತ್ತೆ. ಹನ್ನೊಂದು ಗಂಟೆಗೆ ಮೆಸ್ ಹಿಂದಿನ ಕಾಂಪೌಂಡ್ ಹತ್ರ ನಡೆದು ಹೋದ್ರೆ ಅಷ್ಟು ಚೆನ್ನಾಗಿ ಘಮ್ ಅಂತಿರತ್ತೆ, ತಟ್ಟೆಗೆ ಬರೋ ಹೊತ್ತಿಗೆ ಉಪ್ಪು ಹುಳಿ ಖಾರ ಇರತ್ತೆ, ಘಮ ರಸ್ತೆಗೆ ಹೋಗಿರತ್ತೆ. ಅಮ್ಮನ ತಟ್ಟೆ ನೆನಪಾಗೋದು ಆವಾಗ.

ಇನ್ನೊಂದು ಹೊಗೆ ವಾಸನೆ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗೋದೇ ಇಲ್ಲ, ಒಲೆ ಮೇಲುಗಡೆ ಅಟ್ಟಕ್ಕೆ ಬಿದಿರಿನ ಗಳ ಕಟ್ಟಿ ಅದ್ರ ಮೇಲೆ ಹರವ್ತಾರೆ, ಪಕ್ಕದಲ್ಲೇ ಹಲಸಿನ ಹಪ್ಪಳದ ಡಬ್ಬಿ, ಬೀಜಕ್ಕೆ ಇಟ್ಟ ಸೌತೆಕಾಯಿ, ಎಲ್ಲದಕ್ಕೂ ಒಂದೇ ಹೊಗೆ. ಮೊದಲನೇ ವಾರ ಇಲ್ಲಿ ಲ್ಯಾಬಲ್ಲಿ ಪಕ್ಕದಲ್ಲಿ ನಿಂತಿದ್ದ ಹುಡುಗಿ "ನಿಮ್ ಶರ್ಟಿಂದ ಏನೋ ಸುಟ್ಟ ವಾಸ್ನೆ ಬರ್ತಿದೆ" ಅಂದ್ಲು. ನಾನು ಮೂಸಿ ನೋಡ್ಕೊಂಡೆ, ನಂಗೇನೂ ಬರ್ಲಿಲ್ಲ. ನಾಚಿಕೆ ಆಗಿ ಅವತ್ತೇ ಎಲ್ಲಾ ಬಟ್ಟೆ ಸರ್ಫ್ ಹಾಕಿ ನೆನೆಸಿ ಒಗೆದ್ಬಿಟ್ಟೆ. ಒಂದು ತಿಂಗಳಾದ ಮೇಲೆ ಬ್ಯಾಗಿನ ತಳದಲ್ಲಿ ಮಡಚಿಟ್ಟಿದ್ದ ಒಂದು ಪಂಚೆ ಸಿಕ್ತು, ಬಿಚ್ಚಿದ ತಕ್ಷಣ ಒಲೆ ಮುಂದೆ ಕೂತ ಹಾಗಾಯ್ತು. ಆ ಹುಡುಗಿ ಹೇಳಿದ್ದ ವಾಸನೆ ಯಾವುದು ಅಂತ ನಂಗೆ ಗೊತ್ತಾಗಿದ್ದು ಆವಾಗ.

ಸರಿ, ಮಿಡಿ ವಿಷಯಕ್ಕೆ ಬರ್ತೀನಿ, ಹೇಳ್ಬೇಕಾಗಿರೋದು ಅದೇ.

ನಮ್ಮ ಕಡೆ ಅಪ್ಪೆಮಿಡಿ ಅಂದ್ರೆ ಹಣ್ಣಿನ ಮಾವಲ್ಲ. ಶರಾವತಿ, ವರದಾ, ಅಘನಾಶಿನಿ ಈ ಹೊಳೆಗಳ ದಂಡೆಯಲ್ಲಿ, ಕಾಡಿನ ಹಳ್ಳದ ಪಕ್ಕದಲ್ಲಿ ತಾನಾಗೇ ಬೆಳೆದ ಮರಗಳು, ಹಣ್ಣಾದ್ರೆ ಹುಳಿ ನಾರು, ತಿನ್ನೋಕಾಗಲ್ಲ. ಆದ್ರೆ ಮಿಡಿಯಲ್ಲಿ ಒಂದು ಪರಿಮಳ ಇರತ್ತೆ, ಒಂದೊಂದು ಮರದ್ದು ಒಂದೊಂದು ಥರ. ಕೆಲವಕ್ಕೆ ಜೀರಿಗೆ ವಾಸನೆ, ಅದನ್ನ ಜೀರಿಗೆ ಮಿಡಿ ಅಂತಾರೆ, ಕೆಲವಕ್ಕೆ ಕರ್ಪೂರದ್ದು. ಅನಂತಭಟ್ಟನ ಅಪ್ಪೆ ಅಂತ ಒಬ್ಬರ ಹೆಸರೇ ಅಂಟ್ಕೊಂಡಿರೋ ಪ್ರಸಿದ್ಧ ಜಾತಿನೂ ಇದೆ. ಮರ ವರ್ಷ ಬಿಟ್ಟು ವರ್ಷ ಕಾಯತ್ತೆ, ಅದಕ್ಕೇ ಒಳ್ಳೆ ವರ್ಷ ಸಿಕ್ಕಿದಾಗ ಎರಡು ವರ್ಷಕ್ಕಾಗೋಷ್ಟು ಹಾಕಿಡ್ತಾರೆ.

ಪರಿಮಳ ಇರೋದು ಸೊನೆಯಲ್ಲಿ. ಇದನ್ನ ನಂಗೆ ಅಪ್ಪ ತೋರಿಸಿದ್ದು, ನಾನು ಆರನೇ ಕ್ಲಾಸಲ್ಲಿ ಇದ್ದಾಗ. ತೊಟ್ಟಿನ ತುದಿ ಸ್ವಲ್ಪ ಮುರಿದ್ರೆ ಸಣ್ಣ ಹನಿ ಚಿಮ್ಮತ್ತೆ, ಅದನ್ನ ಮೂಸ್ಬೇಕು. ಹತ್ರ ಹಿಡಿಬಾರ್ದು, ಮುಖಕ್ಕೆ ಸಿಡಿದ್ರೆ ಚರ್ಮ ಸುಡತ್ತೆ, ನನ್ನ ಗಲ್ಲದ ಮೇಲೆ ಈಗ್ಲೂ ಒಂದು ಕಪ್ಪು ಕಲೆ ಇದೆ. ಕಾಯಿ ಇಲ್ಲದ ಕಾಲದಲ್ಲಿ ಎಲೆ ಕಿವುಚಿ ಮೂಸಿದ್ರೂ ಮರ ಯಾವ್ದು ಅಂತ ಹೇಳಬಹುದು. ಸೊನೆ ಹೋದ್ರೆ ಪರಿಮಳ ಹೋಯ್ತು, ಹಾಗಾಗಿ ಮಿಡಿ ಕೊಯ್ಯುವಾಗ ಒಂದಿಂಚು ತೊಟ್ಟು ಬಿಟ್ಟೇ ಕೊಯ್ಯೋದು, ಮರದಿಂದ ಕೆಳಗೆ ಎಸೆಯೋ ಹಾಗಿಲ್ಲ, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸ್ತಾರೆ. ನೆಲಕ್ಕೆ ಬಿದ್ದ ಮಿಡಿ ಮೇಲುಗಡೆ ಚೆನ್ನಾಗೇ ಕಾಣತ್ತೆ, ಒಳಗೆ ಪೆಟ್ಟು ಬಿದ್ದಿರತ್ತೆ, ಜಾಡೀಲಿ ಅದೊಂದು ಮೆತ್ತಗಾದ್ರೆ ಪಕ್ಕದ್ದನ್ನೂ ಕೆಡಿಸತ್ತೆ.

ಈ ಮಾರ್ಚ್‌ನಲ್ಲಿ ನಾನು ಮೊದಲ ಸಲ ಮಿಡಿ ಕಾಲಕ್ಕೆ ಮನೇಲಿ ಇರ್ಲಿಲ್ಲ, ಇಂಟರ್ನಲ್ಸ್ ಇತ್ತು. ಅಮ್ಮ ಫೋನಲ್ಲಿ "ಈ ಸಲ ಹೊಳೆ ಆಚೆ ಮರದ್ದು ಬಂತು ಪುಟ್ಟ, ಐನೂರು ತಗೊಂಡೆ" ಅಂದ್ಲು. ನಮ್ಮಲ್ಲಿ ಮಿಡಿ ಮಾರೋದು ಎಣಿಕೆ ಲೆಕ್ಕದಲ್ಲಿ, ನೂರು, ಐನೂರು ಹೀಗೆ. ಫೋನ್ ಇಟ್ಟ ಮೇಲೆ ಸುಮ್ನೆ ಇರಕ್ಕಾಗ್ದೆ ಬಸ್ ಹತ್ತಿ ದೇವರಾಜ ಮಾರ್ಕೆಟ್‌ಗೆ ಹೋದೆ. ಹೂವಿನ ಸಾಲು ದಾಟಿದ್ರೆ, ಮಲ್ಲಿಗೆ ಸೇವಂತಿಗೆ ವಾಸನೆ ಎಲ್ಲಾ ಮುಗಿದ ಮೇಲೆ ತರಕಾರಿ ಹತ್ರ ಒಬ್ಬ ಅಜ್ಜಿ ಗೋಣಿ ಮೇಲೆ ಮಾವಿನ ಮಿಡಿ ಗುಡ್ಡೆ ಹಾಕ್ಕೊಂಡು ಕೂತಿದ್ರು. ನಾನು ಒಂದು ಎತ್ಕೊಂಡು ತೊಟ್ಟು ನೋಡ್ದೆ, ತೊಟ್ಟೇ ಇಲ್ಲ, ಉಗುರಲ್ಲಿ ಗೀರಿ ಮೂಸ್ದೆ, ಬರೀ ಹಸಿ ಹುಳಿ ವಾಸನೆ. ಇನ್ನೊಂದು ಎತ್ತಿದೆ, ಅದೂ ಅಷ್ಟೇ. "ಯಾಕಪ್ಪ ಹಂಗ್ ಮೂಸ್ತಿದೀಯ, ಅದೇನ್ ಹೂವಾ?" ಅಂದ್ರು. ನಮ್ಮೂರಲ್ಲಿ ಹೀಗೆ ಹೀಗೆ ಅಜ್ಜಿ, ಅಮ್ಮ ಈಗ ಉಪ್ಪಿಗೆ ಹಾಕ್ತಿರ್ತಾಳೆ ಅಂತ ಹೇಳ್ದೆ. ಅವರು ಎಲ್ಲಾ ಕೇಳ್ಕೊಂಡು ಗುಡ್ಡೆಯಿಂದ ನಾಲ್ಕು ಮಿಡಿ ಆರಿಸಿ ಕೈಗಿಟ್ಟು "ಉಪ್ಪು ಖಾರ ಹಚ್ಕೊಂಡ್ ತಿನ್ನು ಹೋಗು, ದುಡ್ಡು ಬ್ಯಾಡ" ಅಂದ್ರು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಆ ನಾಲ್ಕೂ ತಿಂದೆ, ರುಚಿ ಇತ್ತು.

ಅಮ್ಮ ಹಾಕೋ ಕ್ರಮ ನಂಗೆ ನೋಡಿ ನೋಡಿ ಬಾಯಿಪಾಠ. ಮಿಡಿನ ಒಂದೊಂದಾಗಿ ಒಣ ಬಟ್ಟೇಲಿ ಒರೆಸಿ, ನಾಲ್ಕು ಅಳತೆ ಮಿಡಿಗೆ ಒಂದು ಅಳತೆ ಕಲ್ಲುಪ್ಪು, ಜಾಡಿಗೆ ಒಂದು ಪದರ ಮಿಡಿ ಒಂದು ಪದರ ಉಪ್ಪು ಹಾಕಿ ಮೇಲೆ ಒಂದು ಹೊಳೆಗಲ್ಲು ಭಾರಕ್ಕೆ ಇಡ್ತಾಳೆ. ಮಾರನೇ ದಿನದಿಂದ ಮಿಡಿ ನೀರು ಬಿಡೋಕೆ ಶುರು, ದಿನಾ ಒಂದ್ಸಲ ಒಣ ಮರದ ಸೌಟಲ್ಲಿ ಕೆಳಗಿಂದ ಮೇಲಕ್ಕೆ ತಿರುವ್ಬೇಕು. ಮೂರು ವಾರ ಆದ ಮೇಲೆ ಮಿಡಿ ಚರ್ಮ ಅಜ್ಜಿ ಕೈ ಥರ ಸುಕ್ಕಾಗಿರತ್ತೆ, ಒತ್ತಿದ್ರೆ ಮಾತ್ರ ಗಟ್ಟಿ. ಸುಕ್ಕು ಇರ್ಬೇಕು, ಗಟ್ಟಿನೂ ಇರ್ಬೇಕು. ಸುಕ್ಕಿಲ್ಲ ಅಂದ್ರೆ ಉಪ್ಪು ಇನ್ನೂ ಒಳಗೆ ಹೋಗಿಲ್ಲ, ಗಟ್ಟಿ ಇಲ್ಲ ಅಂದ್ರೆ ಕೊಳೆಯಕ್ಕೆ ಶುರುವಾಗಿದೆ.

ಖಾರ ಅರೆಯೋ ದಿನ ಮನೆ ತುಂಬಾ ವಾಸನೆ. ಜಾಡಿಯ ಉಪ್ಪುನೀರು ಬಸಿದು, ಚೆನ್ನಾಗಿ ಕುದಿಸಿ, ಆರೋಕೆ ಇಡ್ತಾಳೆ. ಸಾಸಿವೆ, ಬಿಸಿಲಲ್ಲಿ ಒಣಗಿಸಿದ ಬ್ಯಾಡಗಿ ಮೆಣಸು, ಅರಿಶಿನ, ಚೂರು ಇಂಗು, ಎಲ್ಲಾ ಆ ಆರಿದ ಉಪ್ಪುನೀರಲ್ಲೇ ಅರೆಯೋದು, ಬೇರೆ ನೀರು ಒಂದು ಹನಿ ಸೋಕಿಸಲ್ಲ. ನಾನು ಚಿಕ್ಕವನಿದ್ದಾಗ ಅವಸರ ಮಾಡ್ತಿದ್ದೆ, ಸಾಕು ಅರಿ ಅಮ್ಮ, ಬೆಚ್ಚಗಿದೆ ಅಷ್ಟೇ ಅಂತ. "ಬೆಚ್ಚಗಿದ್ರೂ ಸಾಸಿವೆ ಸಾಯತ್ತೆ ಮಾರಾಯ, ಕಹಿ ಬರತ್ತೆ" ಅಂತಿದ್ಲು. ಸಾಸಿವೆ ಸಾಯತ್ತೆ ಅನ್ನೋದು ಅಮ್ಮನ ಮಾತು ಅಷ್ಟೇ ಅನ್ಕೊಂಡಿದ್ದೆ.

ಕಳೆದ ಸೆಮಿಸ್ಟರ್‌ನಲ್ಲಿ ಎನ್‌ಜೈಮ್‌ಗಳ ಪಾಠ ನಡೀತಿದ್ದಾಗ ಮೇಡಂ ಉದಾಹರಣೆಗೆ ಸಾಸಿವೆ ತಗೊಂಡ್ರು. ಒಣ ಸಾಸಿವೆ ಮೂಸಿದ್ರೆ ಏನೂ ಬರಲ್ಲ, ಅದನ್ನ ನೀರು ಹಾಕಿ ಅರೆದಾಗ ಕಾಳಿನೊಳಗೆ ಬೇರೆ ಬೇರೆ ಕಡೆ ಇರೋ ಎರಡು ಒಂದಕ್ಕೊಂದು ಸೇರತ್ತೆ, ಮೈರೋಸಿನೇಸ್ ಅನ್ನೋ ಎನ್‌ಜೈಮ್ ಇನ್ನೊಂದನ್ನ ಒಡೆದು ಅಲೈಲ್ ಐಸೋಥಯೋಸೈನೇಟ್ ಹುಟ್ಟಿಸತ್ತೆ, ಮೂಗಿನ ತುದಿಗೆ ಹೊಡೆಯೋ ಘಾಟು ಅದೇ. ಬಿಸಿ ತಾಗಿದ್ರೆ ಎನ್‌ಜೈಮ್ ಸತ್ತೋಗತ್ತೆ, ಘಾಟು ಹುಟ್ಟಲ್ಲ. ಆ ಘಾಟಿಗೆ ಬೂಸ್ಟು ಬೆಳೆಯೋದನ್ನ ತಡೆಯೋ ಶಕ್ತಿನೂ ಇದೆ. ನಾನು ನೋಟ್ಸ್ ಬರೆಯೋದು ನಿಲ್ಲಿಸಿ ಸುಮ್ನೆ ಕೂತ್ಬಿಟ್ಟೆ, ಯಾಕಂದ್ರೆ ಕ್ಲಾಸ್ ರೂಮಿನಲ್ಲಿ ನಂಗೆ ನಿಜವಾಗ್ಲೂ ಆ ವಾಸನೆ ಬಂತು, ಅರೆಯೋ ಕಲ್ಲಿನ ಮುಂದೆ ಸೆರಗಿಂದ ಮೂಗು ಒರೆಸ್ಕೊಳ್ತಾ ಕೂತಿರೋ ಅಮ್ಮನ ಜೊತೆಗೆ.

ಜೂನ್‌ನಲ್ಲಿ ಹೊರಡೋವಾಗ ಆ ಐನೂರರಲ್ಲಿ ಅರವತ್ತು ಮಿಡಿ ಎಣಿಸಿ, ಬಿಸಿಲಿಗಿಟ್ಟು ಒಣಗಿಸಿದ ಹಾರ್ಲಿಕ್ಸ್ ಬಾಟ್ಲಿ ಎರಡಕ್ಕೆ ತುಂಬಿ, ಬಾಯಿಗೆ ಎಣ್ಣೆ ಅದ್ದಿದ ಬಿಳಿ ಬಟ್ಟೆ ಮುಚ್ಚಿ, ಅದ್ರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕಟ್ಟಿ ಕೊಟ್ಲು. "ಒಣ ಚಮಚ" ಅಂತ ಬಸ್ ಸ್ಟ್ಯಾಂಡ್‌ವರೆಗೂ ಹೇಳಿದ್ಲು. ಒಂದು ಬಾಟ್ಲಿ ಜುಲೈಲಿ ಮುಗೀತು, ಊರಿನವರು ಯಾರೂ ಇಲ್ಲದ ಕಡೆ ಎಲ್ಲರಿಗೂ ಹಂಚೋ ಖುಷಿ ಬೇರೆ. ಇವತ್ತು ಬಿಳಿ ಕೂತಿದ್ದು ಎರಡನೇದಕ್ಕೆ.

ಏನಾಯ್ತು ಅಂತ ಸಂಜೆ ಗೊತ್ತಾಯ್ತು. ರೂಮ್‌ಮೇಟ್ ಮದ್ದೂರು ಕಡೆಯವನು, ಶನಿವಾರ ಮಧ್ಯಾಹ್ನ ಟ್ರೈನ್ ಹತ್ತಿದ್ರೆ ಭಾನುವಾರ ಸಂಜೆ ವಾಪಸ್ಸು. ಅವನು ಬ್ಯಾಗ್ ತೆಗೆದ ತಕ್ಷಣ ರೂಮೆಲ್ಲಾ ಅವರಮ್ಮ ಮಾಡಿದ ಉಪ್ಸಾರಿನ ಖಾರದ ವಾಸನೆ, ಬೆಳ್ಳುಳ್ಳಿ ಮೆಣಸು ಜೀರಿಗೆ. ಪ್ರತಿ ಭಾನುವಾರ ಆ ವಾಸನೆ ಬಂದಾಗ ನಂಗೆ ಹಸಿವೂ ಆಗತ್ತೆ, ಒಳಗೆಲ್ಲೋ ಸಂಕಟನೂ ಆಗತ್ತೆ, ಎರಡೂ ಒಟ್ಟಿಗೆ. ಇವತ್ತು ನನ್ನ ಮುಖ ನೋಡಿದವನೇ ಏನಾಯ್ತು ಅಂದ, ಬಾಟ್ಲಿ ತೋರಿಸ್ದೆ. ಅವನು ಸ್ವಲ್ಪ ಹೊತ್ತು ಸುಮ್ನಿದ್ದು "ಗುರುವಾರ ರಾತ್ರಿ ಚಮಚ ತೊಳ್ದು ಹಂಗೇ ಹಾಕ್ಬುಟ್ಟೆ ಕಣ್ ಮಗಾ, ವರೆಸ್ಲಿಲ್ಲ. ನಿಂಗೆ ಇದು ಏನು ಅಂತ ನಂಗ್ ಗೊತ್ತಿದ್ದೂ ಹಂಗ್ ಮಾಡ್ದೆ" ಅಂದ. ಸಿಟ್ಟು ಮಾಡ್ಕೊಳ್ಳೋಕೆ ಆಗ್ಲಿಲ್ಲ, ಅವನ ಮುಖ ನನಗಿಂತ ಸಣ್ಣದಾಗಿತ್ತು. ಒಂದು ಚಮಚಕ್ಕೆ ಅಂಟಿದ ನೀರು ಮೇಲುಗಡೆ ನಿಂತ್ರೆ ಆ ಜಾಗದಲ್ಲಿ ಮಾತ್ರ ಉಪ್ಪು ತೆಳ್ಳಗಾಗತ್ತೆ, ಗಾಳಿನೂ ಅಲ್ಲೇ ಇದೆ, ಬೆಳೆಯೋದಕ್ಕೆ ಅಷ್ಟು ಸಾಕು.

ಅಮ್ಮಂಗೆ ಫೋನ್ ಮಾಡೋಕೆ ಭಯ, ಬೇಜಾರಾಗ್ತಾಳೆ ಅಂತ. ಏಳೂವರೆಗೆ ಮಾಡ್ದೆ. ಅಲ್ಲಿ ಮಳೆ ಹೆಂಚಿನ ಮೇಲೆ ಬೀಳೋ ಸದ್ದು ಕೇಳ್ತಿತ್ತು.

ಬೈಯ್ಲೇ ಇಲ್ಲ. ಮೊದಲು ಕೇಳಿದ್ದು "ಬಿಳಿ ಚಪ್ಪಟೆಯಾಗಿ ಕೂತಿದ್ಯಾ, ಹತ್ತಿ ಥರ ಎದ್ದಿದ್ಯಾ?" ಚಪ್ಪಟೆ ಅಂದೆ. "ಹಸಿರು ಕಪ್ಪು ಏನಾದ್ರೂ?" ಇಲ್ಲ. "ಹಾಗಾದ್ರೆ ಹೆದರ್ಬೇಡ, ಹತ್ತಿ ಥರ ಎದ್ದು ಬಣ್ಣ ಬಂದಿದ್ರೆ ಪೂರ್ತಿ ಚೆಲ್ಲು ಅಂತಿದ್ದೆ. ಈಗ ಮೇಲಿಂದ ಎರಡು ಬೆರಳು ತೆಗೆದು ಎಸಿ, ಖಾರ ಸಮೇತ, ಆಸೆ ಪಡ್ಬೇಡ. ಆಮೇಲೆ ಮಿಡಿ ಒಂದೊಂದಾಗಿ ತೆಗೆದು ಒತ್ತಿ ನೋಡು."

ಸ್ಪೀಕರ್ ಹಾಕಿ ಫೋನ್ ಟೇಬಲ್ ಮೇಲಿಟ್ಟು ನಾವಿಬ್ರೂ ಶುರು ಮಾಡಿದ್ವಿ. ಹಳೇ ಪೇಪರ್ ಹಾಸಿ, ಸ್ಟೀಲ್ ತಟ್ಟೆ ಒರೆಸಿ, ಮತ್ತೆ ಒರೆಸಿ, ಮೇಲಿಂದೆಲ್ಲ ತೆಗೆದು, ಮಿಡಿ ಎಣಿಸಿದ್ರೆ ಇಪ್ಪತ್ತಾರು. ಒತ್ತಿದಾಗ ಇಪ್ಪತ್ತೆರಡು ಗಟ್ಟಿ, ಮೂರು ಮಿಡಿ ಬೆರಳು ಇಟ್ಟ ತಕ್ಷಣ ಒಳಗೆ ಹೋಯ್ತು, ಇನ್ನೊಂದರಲ್ಲಿ ಅನುಮಾನ. "ಅನುಮಾನ ಇದ್ರೆ ಅದೂ ಹೊರಗೆ" ಅಂದ್ಲು. ನಾಲ್ಕು ಹೋಯ್ತು.

ಆಮೇಲೆ ಹೊಸ ಉಪ್ಪುನೀರು. ಮೇಲಿನ ಖಾರ ತೆಗೆದಿದ್ರಿಂದ ಮಿಡಿ ಮುಳುಗ್ತಿರ್ಲಿಲ್ಲ, ಮುಳುಗದೆ ಇದ್ದದ್ದು ಮತ್ತೆ ಕೆಡತ್ತೆ. ಹಾಸ್ಟೆಲಲ್ಲಿ ಸ್ಟೌ ಇಡೋ ಹಾಗಿಲ್ಲ, ಎಲೆಕ್ಟ್ರಿಕ್ ಕೆಟಲ್ ಇದೆ. ಉಪ್ಪುನೀರನ್ನೇ ಕೆಟಲಲ್ಲಿ ಕುದಿಸಿದ್ರೆ ಅದ್ರ ತಳ ಹಾಳಾಗತ್ತೆ, ಹಾಗಾಗಿ ಬರೀ ನೀರು ಕುದಿಸಿ ಸ್ಟೀಲ್ ಲೋಟಕ್ಕೆ ಹಾಕಿ ಅದಕ್ಕೆ ಉಪ್ಪು ಸೇರಿಸ್ತಾ ಹೋದ್ವಿ. ಎಷ್ಟು ಅಮ್ಮ ಅಂದ್ರೆ "ಕದಡ್ತಾ ಹೋಗು, ಇನ್ನು ಕರಗಲ್ಲ ಅಂತ ತಳದಲ್ಲಿ ನಿಲ್ಲತ್ತಲ್ಲ, ಅಷ್ಟು" ಅಂದ್ಲು. ಲ್ಯಾಬಲ್ಲಿ ನಾವು ಇದನ್ನ ಸ್ಯಾಚುರೇಟೆಡ್ ಅಂತೀವಿ, ನೂರು ಎಂಎಲ್ ನೀರಿಗೆ ಸುಮಾರು 36 ಗ್ರಾಂ. ಅಮ್ಮಂಗೆ ತಕ್ಕಡಿ ಬೇಡ. ರೂಮ್‌ಮೇಟ್ ಕೆಳಗೆ ಮೆಸ್‌ಗೆ ಹೋಗಿ ಅಣ್ಣನ ಹತ್ರ ಒಂದು ಹಿಡಿ ಕಲ್ಲುಪ್ಪು ಇಸ್ಕೊಂಡು ಬಂದ, ಜೊತೆಗೆ ಎರಡು ಚಮಚ ಸಾಸಿವೆನೂ ಕೊಟ್ಟು ಕಳಿಸಿದ್ರಂತೆ, ಮೇಲಿಂದು ತೆಗೆದಿದ್ರೆ ಸಾಸಿವೆ ಕಮ್ಮಿ ಆಗಿರತ್ತೆ ಅಂತ. ಅದನ್ನ ಅಮ್ಮಂಗೆ ಹೇಳಿದೆ, "ಯಾರದು, ಅವರಿಗೆ ಗೊತ್ತು" ಅಂತ ಅವಳ ದನಿ ಹಗುರಾಯ್ತು.

ಫೋನ್ ಇಡೋ ಮುಂಚೆ ನಾನು ಕೇಳ್ದೆ, ಈಗ ಅಲ್ಲಿ ಏನು ವಾಸನೆ ಬರ್ತಿದೆ ಅಮ್ಮ, ಒಲೆ ಮುಂದೆ ಇದೀಯ ಅಲ್ವಾ ಅಂತ. ಅವಳು ಸ್ವಲ್ಪ ಹೊತ್ತು ಸುಮ್ನಿದ್ಲು, ನಿಜವಾಗ್ಲೂ ಮೂಸಿ ನೋಡ್ತಿದ್ಲು ಅನ್ಸತ್ತೆ. "ವಾಸನೆ ಏನೂ ಇಲ್ಲಪ್ಪ. ಯಾವಾಗ್ಲೂ ಇರೋ ಹಾಗೇ ಇದೆ."

ಆ ಮಾತು ಆವಾಗಿಂದ ತಲೇಲಿ ಸುತ್ತುತಾ ಇದೆ. ಮೂಗು ಯಾವ ವಾಸನೆಯಲ್ಲಾದ್ರೂ ಸ್ವಲ್ಪ ಹೊತ್ತು ಇದ್ರೆ ಅದನ್ನ ಹೇಳೋದು ನಿಲ್ಲಿಸ್ಬಿಡತ್ತೆ. ನಂಗೂ ಹಾಗೇ ಆಗಿತ್ತು. ಯುಗಾದಿಗೆ ಹೋದಾಗ ಬಾಗ್ಲು ದಾಟಿದ ತಕ್ಷಣ ಹೊಗೆ, ಕೊಬ್ಬರಿ ಎಣ್ಣೆ, ಜಾಡಿ, ಒದ್ದೆ ಹೆಂಚು, ಎಲ್ಲಾ ಒಂದೇ ಸಲ ಬಂತು, ಚೀಲ ಇಳಿಸೋದು ಮರೆತು ನಿಂತಿದ್ದೆ. ಕೈಕಾಲು ತೊಳೆದು, ಕಾಫಿ ಕುಡಿದು ಮುಗಿಯೋ ಹೊತ್ತಿಗೆ ಏನೂ ಇರ್ಲಿಲ್ಲ. ಮನೆ ಆಗಿಬಿಟ್ಟಿತ್ತು. ಐದು ದಿನ ಇದ್ದೆ, ಮತ್ತೆ ಆ ವಾಸನೆ ಸಿಗ್ಲೇ ಇಲ್ಲ, ಮೈಸೂರಿಗೆ ಬಂದು ಬ್ಯಾಗ್ ತೆಗೆಯೋವರೆಗೂ. ಅಮ್ಮ ಆ ಅಡಿಗೆಮನೆಗೆ ಬಂದು ಇಪ್ಪತ್ತೈದು ವರ್ಷ ಆಯ್ತು. ಅವಳು ಮಾಡಿದ್ದರ ಪರಿಮಳ ಅವಳಿಗೆ ಸಿಕ್ಕಿ ಎಷ್ಟು ವರ್ಷ ಆಗಿರಬಹುದು? ಒಂದ್ಸಲ ಅವಳನ್ನ ಇಲ್ಲಿಗೆ ಕರ್ಕೊಂಡು ಬಂದು ಒಂದು ವಾರ ಇಟ್ಕೊಂಡು, ಆಮೇಲೆ ವಾಪಸ್ ಕರ್ಕೊಂಡು ಹೋಗಿ ಬಾಗಿಲಲ್ಲಿ ಮೊದಲು ಅವಳನ್ನೇ ಒಳಗೆ ಕಳಿಸ್ಬೇಕು ಅಂತ ಆಸೆ ಆಗಿದೆ. ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನ ಹತ್ರ ಕೇಳ್ತೀನಿ, ದಸರಾ ಹೊತ್ತಿಗೆ ಕೊಟ್ಟಿಗೆ ನೋಡ್ಕೊಳ್ಳೋಕೆ ಚಿಕ್ಕಪ್ಪ ಬರ್ತಾರಾ ಅಂತ.

ಲೋಟದ ನೀರು ಆರೋಕೆ ಎರಡು ಗಂಟೆ ಮೇಲೆ ಬೇಕಾಯ್ತು. ರೂಮ್‌ಮೇಟ್ ಎರಡು ಸಲ "ಸಾಕು ಹಾಕು ಮಗಾ, ಬೆಚ್ಚಗೈತೆ ಅಷ್ಟೆ" ಅಂದ, ನಾನು ಬೇಡ ಅಂದೆ. ಹತ್ತೂವರೆಗೆ ಲೋಟದ ಹೊರಗೆ ಕೈಯಿಟ್ರೆ ಲೋಟ ಇದೆ ಅಂತಾನೇ ಗೊತ್ತಾಗ್ದಷ್ಟು ತಣ್ಣಗಾಗಿತ್ತು. ಮೆಸ್ ಅಣ್ಣ ಕೊಟ್ಟ ಸಾಸಿವೇನ ಒರೆಸಿದ ಲೋಟದ ತಳದಲ್ಲಿ ಕುಟ್ಟಿ, ಆ ನೀರಲ್ಲಿ ಕಲೆಸಿ, ಇಪ್ಪತ್ತೆರಡು ಮಿಡಿನೂ ತೊಟ್ಟು ಮೇಲೆ ಮಾಡಿ ಬಾಟ್ಲಿಗೆ ಇಳಿಸಿ, ಮುಳುಗೋವರೆಗೂ ಹಾಕ್ದೆ. ಬಗ್ಗಿ ಮೂಸ್ದೆ. ಹುಳಿ ವಾಸನೆ ಹೋಗಿದೆ. ಸಾಸಿವೆ ಮೂಗಿನ ತುದಿಗೆ ಹೊಡೀತು, ಅದ್ರ ಕೆಳಗೆ, ಸಣ್ಣಗೆ, ಆ ಹೊಳೆ ಆಚೆ ಮರದ್ದು.

ಮುಚ್ಚಳ ಹಾಕಿ ಮುಗಿಸೋ ಹೊತ್ತಿಗೆ ಫೋನ್ ಬೆಳಗಿತು. ಒಂಬತ್ತೂವರೆಗೆ ಮಲಗೋ ಅಮ್ಮ, ಹನ್ನೊಂದು ಹತ್ತಕ್ಕೆ ವಾಟ್ಸಾಪ್‌ನಲ್ಲಿ ಒಂದು ವಾಯ್ಸ್ ಕಳಿಸಿದಾಳೆ, ಹಿಂದೆ ಇನ್ನೂ ಮಳೆ. "ಪೂರ್ತಿ ತಣ್ಣಗಾದ ಮೇಲೇ ಹಾಕಿದ್ಯಾ ಪುಟ್ಟ?"

ಹೂಂ ಅಮ್ಮ ಅಂತ ಕಳಿಸಿದೆ.